ಎರಡನೇ ಹೆಜ್ಜೆಗೆ ಜ್ಯೂಸ್: ಸಪ್ತಪದಿಯ ಇಂಗ್ಲಿಷ್ ಅವತಾರಕ್ಕೊಂದು ಭಾಷ್ಯ

ಮೈಸೂರಿನ ಛತ್ರವೊಂದರಲ್ಲಿ ನಡೆದ ಮದುವೆಗೆ ಮದುಮಗಳ ಆಫೀಸಿನ ಜರ್ಮನ್ ಸಹೋದ್ಯೋಗಿಯೊಬ್ಬರು ಬರುವವರಿದ್ದರು. ಅವರಿಗಾಗಿ ಇಂಗ್ಲಿಷ್ ಪುಸ್ತಿಕೆ ಬರೆಯುವ ಹೊಣೆ ಸೋದರಮಾವನ ತಲೆಗೆ ಬಂತು. ಮಾವ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಸಂಸ್ಕೃತವೆಂದರೆ ಅವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕೊಟ್ಟು ಉಪಕರಿಸಿದ ಭಾಷೆ. ಪ್ರಸ್ತುತ ಪ್ರಬಂಧವು ಆ ಪುಸ್ತಿಕೆಯ ನಾಲ್ಕನೇ ಪುಟಕ್ಕೆ, ಅಂದರೆ ಸಪ್ತಪದಿಗೆ ಮಾತ್ರ ಸೀಮಿತ.

ಮೊದಲಿಗೆ ಪೂರ್ವಪಕ್ಷ. ಸಪ್ತಪದಿಯೆಂದರೆ ಏಳು ವಾಗ್ದಾನ ಎಂದು ಪುಸ್ತಿಕೆ ಸಾರುತ್ತದೆ. ಮಂತ್ರದಲ್ಲಿ ನೋಡಿದರೆ 'ಮಾತು ಕೊಡುತ್ತೇನೆ' ಎಂಬ ಕ್ರಿಯಾಪದವೇ ಇಲ್ಲ. 'ಇಷೇ' ಅಂದರೆ ಅನ್ನಕ್ಕಾಗಿ, 'ಊರ್ಜೇ' ಅಂದರೆ ಬಲಕ್ಕಾಗಿ. ಚತುರ್ಥೀ ವಿಭಕ್ತಿಯ ಒಂದು ಪದಕ್ಕೆ ಒಂದು ಹೆಜ್ಜೆ. ಹೇಳುವವನು ವರ, ನಡೆಯುವವಳು ವಧು. ಎರಡಕ್ಷರದ ಈ 'ಇಷೇ' ಮಾವನ ಕೈಯಲ್ಲಿ ಅಡುಗೆಮನೆ ಕೆಲಸ ಹಂಚಿಕೊಳ್ಳುವ ನಾಲ್ಕು ಸಾಲಿನ ಒಡಂಬಡಿಕೆಯಾಯಿತು. ಅತಿಥಿ ಅದನ್ನು ಓದಿ ಮುಗಿಸುವಷ್ಟರಲ್ಲಿ ವಧು ಮೂರನೇ ಹೆಜ್ಜೆ ದಾಟಿದ್ದಳು.

ಹಾಗಾದರೆ ಪದಕ್ಕೆ ಪದ ಇಟ್ಟರೆ? ಅದೂ ಆಗಿಹೋಗಿದೆ. ಹರ್ಮನ್ ಓಲ್ಡನ್‌ಬರ್ಗ್ ಎಂಬ ಜರ್ಮನ್ ಪಂಡಿತ ಆಶ್ವಲಾಯನ ಗೃಹ್ಯಸೂತ್ರದ ಇಂಗ್ಲಿಷ್ ಅನುವಾದವನ್ನು 1886ರಲ್ಲಿ ಪ್ರಕಟಿಸಿದಾಗ 'ಇಷೇ'ಗೆ 'ಸ್ಯಾಪ್' ಎಂದೂ 'ಊರ್ಜೇ'ಗೆ 'ಜ್ಯೂಸ್' ಎಂದೂ ಬರೆದ. ಶಬ್ದಾರ್ಥದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಮೇ ತಿಂಗಳ ಸೆಕೆಯಲ್ಲಿ, ಹೋಮದ ಹೊಗೆಯ ಪಕ್ಕ ಕೂತವರಿಗೆ ಎರಡನೇ ಹೆಜ್ಜೆಗೆ ಜ್ಯೂಸ್ ಎಂದು ಅಚ್ಚು ಹಾಕಿ ಕೊಟ್ಟರೆ ಅವರು ಅಡುಗೆಮನೆ ಕಡೆ ನೋಡದೆ ಇನ್ನೇನು ಮಾಡಿಯಾರು?

ನಿಜವಾದ ಎಡವಟ್ಟು ಐದನೇ ಹೆಜ್ಜೆಯದು. ಮಾವ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದು ಋಗ್ವೇದಿಗಳ ಆಶ್ವಲಾಯನ ಪಾಠ. ಅದರಲ್ಲಿ ಐದನೆಯದು 'ಪ್ರಜಾಭ್ಯಃ', ಮಕ್ಕಳಿಗಾಗಿ. ಮನೆಯವರೋ ಯಜುರ್ವೇದದ ಆಪಸ್ತಂಬ ಸೂತ್ರದವರು. ಆ ಪಾಠದಲ್ಲಿ ಅದೇ ಜಾಗದಲ್ಲಿರುವುದು 'ಪಶುಭ್ಯಃ', ದನಕರುಗಳಿಗಾಗಿ. ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದ ಅತಿಥಿಗೆ 'ಪಶು' ಎಂಬುದು ಸ್ಪಷ್ಟವಾಗಿ ಕೇಳಿಸಿತು. ಯೋಗದ ಕ್ಲಾಸಿನಲ್ಲಿ 'ಪಶುಪತಿ'ಯ ಅರ್ಥ ಕಲಿತಿದ್ದ ಅವರು, ಮಕ್ಕಳನ್ನು ಹೀಗೇಕೆ ಕರೆಯುತ್ತೀರಿ ಎಂದು ಮೆಲ್ಲಗೆ ಕೇಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದ ಮಾವನಿಗೆ ಉತ್ತರ ನಾಲಿಗೆ ತುದಿಯಲ್ಲಿತ್ತು. ಸಂದರ್ಭ ನೋಡಿ ನುಂಗಿಕೊಂಡರು.

ಇದು ಅಚ್ಚಿನ ದೋಷವಲ್ಲ, ಶಾಖಾಭೇದ. ಪುಸ್ತಿಕೆ ಬರೆಯುವ ಮುನ್ನ ಕೇಳಬೇಕಾದದ್ದು ನಿಘಂಟನ್ನಲ್ಲ, 'ಯಾವ ಸೂತ್ರ?' ಎಂದು ಪುರೋಹಿತರನ್ನು.

ಏಳನೇ ಹೆಜ್ಜೆಯಲ್ಲಿ ವಧುವನ್ನು 'ಸಖೀ' ಎನ್ನದೆ 'ಸಖಾ' ಎಂದು ಪುಲ್ಲಿಂಗದಲ್ಲೇ ಕರೆಯುವ ಸೊಗಸು ಇಂಗ್ಲಿಷಿನ 'ಫ್ರೆಂಡ್'ನಲ್ಲಿ ಸದ್ದಿಲ್ಲದೆ ಕರಗಿತು. ಸಪ್ತಪದಿ ಇರುವ ಮದುವೆ ಏಳನೇ ಹೆಜ್ಜೆಗೆ ಪೂರ್ಣವಾಗುತ್ತದೆಂದು 1955ರ ಹಿಂದೂ ವಿವಾಹ ಕಾಯ್ದೆಯೇ ಹೇಳುವುದರಿಂದ, ಐದನೆಯದರ ಗೊಂದಲದಿಂದ ಮದುವೆಗೇನೂ ಬಾಧಕವಾಗಲಿಲ್ಲ.

ಎರಡನೇ ಮಗಳ ಮದುವೆಗೆ ಪುಸ್ತಿಕೆಯ ಪರಿಷ್ಕೃತ ಆವೃತ್ತಿ ಬಂದಿದೆ. ಐದನೇ ಹೆಜ್ಜೆಯ ಎದುರು ಮಾವ ಹೀಗೆ ಬರೆದಿದ್ದಾರೆ: 'ಮಕ್ಕಳು / ದನಕರು (ಅನ್ವಯಿಸದ್ದನ್ನು ಹೊಡೆದುಹಾಕಿ)'.