ನಲವತ್ತೆರಡು ವ್ಯಾಟ್

ಒಂಬತ್ತನೇ ಕ್ಲಾಸಿನ ನಮ್ಮ ಅಕ್ಕನ ಮಗ ಪುಟ್ಟ ವಿಜ್ಞಾನ ಮೇಳಕ್ಕೆ ಪೆಡಲ್ ಜನರೇಟರ್ ಮಾಡುತ್ತೇನೆಂದು ಹೊರಟಾಗ ಮೊದಲು ಕಳೆದುಕೊಂಡವರು ನಮ್ಮ ಭಾವ. ಅವರು ದಿನಾ ಹಾಲು ತರುತ್ತಿದ್ದ ಹಳೇ ಸೈಕಲ್ಲು ಜೋಡಿ ಸ್ಟ್ಯಾಂಡಿನ ಮೇಲೆ ನಿಂತಿತು, ಮತ್ತೆ ಇಳಿಯಲಿಲ್ಲ. ಗುಜರಿ ಅಂಗಡಿಯಿಂದ ಎಲೆಕ್ಟ್ರಿಕ್ ಸ್ಕೂಟರಿನ 24 ವೋಲ್ಟಿನ ಮೋಟರು ಬಂತು. ಒಳಗೆ ಕಾಯಂ ಅಯಸ್ಕಾಂತ ಇರುವ ಈ ಜಾತಿಯ ಮೋಟರಿಗೆ ಕರೆಂಟು ಕೊಟ್ಟರೆ ತಿರುಗುತ್ತದೆ, ನಾವೇ ತಿರುಗಿಸಿದರೆ ಕರೆಂಟು ಕೊಡುತ್ತದೆ. ಇಷ್ಟು ನಿಯತ್ತು ಮನುಷ್ಯರಲ್ಲಿ ಅಪರೂಪ.

ಮೋಟರಿನ ಮೂತಿಗೆ ಲೇತ್ ಅಂಗಡಿಯಲ್ಲಿ 5 ಸೆಂಟಿಮೀಟರ್ ಅಡ್ಡಳತೆಯ ರೋಲರ್ ಹಾಕಿಸಿ, ಬಾಗಿಲಿನ ಹಿಂಜು ಬಡಿದ ಹಲಗೆಯ ಮೇಲೆ ಕೂರಿಸಿ, ಹಳೇ ಟ್ಯೂಬಿನ ಪಟ್ಟಿಯಿಂದ ಹಿಂದಿನ ಟಯರಿಗೆ ಎಳೆದು ಕಟ್ಟಿದ. ಸಡಿಲವಾದರೆ ರೋಲರು ಜಾರುತ್ತದೆ, ಬಿಗಿಯಾದರೆ ಪುಟ್ಟನೇ ಸೋಲುತ್ತಾನೆ. ಪೆಡಲು ಒಂದು ಸುತ್ತು ಹೋದರೆ ಚಕ್ರ ಸುಮಾರು ಎರಡೂವರೆ ಸುತ್ತು, ಚಕ್ರದ ಒಂದು ಸುತ್ತಿಗೆ ರೋಲರು ಹದಿನಾಲ್ಕು. ಅಂದರೆ ನಿಮಿಷಕ್ಕೆ 60 ಸಲ ತುಳಿದರೆ ಮೋಟರು 2,000 ಸುತ್ತು ದಾಟುತ್ತದೆ. ಮಲ್ಟಿಮೀಟರ್ ಹಚ್ಚಿದರೆ 16 ವೋಲ್ಟ್!

ಆಮೇಲೆ ಕರೆಂಟು ಅಳೆಯಬೇಕಲ್ಲ. ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿ, ಮೋಟರಿನ ಎರಡು ತುದಿಗೂ ನೇರವಾಗಿ ಮುಟ್ಟಿಸಿಯೇಬಿಟ್ಟ. ಮೀಟರು 10ರ ಹತ್ತಿರ ಹೋಯಿತು. ಪೆಡಲು ಮಾತ್ರ ಜಪ್ಪಯ್ಯ ಅಂದರೂ ಸಲೀಸಾಗಿ ತಿರುಗದು. ಅದನ್ನು ಲೆಕ್ಕಿಸದೆ 16ನ್ನು 10ರಿಂದ ಗುಣಿಸಿ, ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘160 ವ್ಯಾಟ್’ ಎಂದು ಬರೆದಾಗ ನಮ್ಮಕ್ಕ ದೃಷ್ಟಿ ತೆಗೆದಳು.

ದೃಷ್ಟಿ ತಾಗಿದ್ದು ಆಟೋ ಎಲೆಕ್ಟ್ರಿಷಿಯನ್ ಅಣ್ಣನದು. ಇಂಡಿಕೇಟರ್ ಬಲ್ಬು ಕೊಡಲು ಬಂದವರು ಚಾರ್ಟು ನೋಡಿ, “ಅಲ್ಲ ಮರಿ, 16 ವೋಲ್ಟ್ ಬಂದಾಗ ಆಂಪಿಯರ್ ಎಷ್ಟಿತ್ತು?” ಎಂದರು.

“ಆಗ ಏನೂ ಜೋಡಿಸಿರಲಿಲ್ಲ ಅಣ್ಣ.”

“ಹಾಗಾದರೆ ಸೊನ್ನೆ. 10 ಆಂಪಿಯರ್ ಬಂದಾಗ ತುದಿಗಳ ಮಧ್ಯೆ ವೋಲ್ಟು?”

ಪುಟ್ಟ ಗಲ್ಲ ಕೆರೆದುಕೊಂಡ. ಎರಡು ತುದಿ ಒಂದಾಗಿತ್ತು. ಅಲ್ಲಿಯೂ ಹೆಚ್ಚುಕಡಿಮೆ ಸೊನ್ನೆ. ವರನ ಎತ್ತರವನ್ನು ಅಣ್ಣನಿಂದ, ಸಂಬಳವನ್ನು ತಮ್ಮನಿಂದ ತೆಗೆದು ಒಂದೇ ಜಾತಕದಲ್ಲಿ ಬರೆದ ದಲ್ಲಾಳಿಯ ಕೆಲಸವಾಗಿತ್ತು ಅದು. ಎರಡು ಅಂಕಿಯೂ ನಿಜ, ಅಂಥ ಗಂಡು ಮಾತ್ರ ಎಲ್ಲೂ ಇಲ್ಲ.

ಅಳತೆ ಹೊಸದಾಗಿ ಶುರುವಾಯಿತು. 12 ವೋಲ್ಟಿನ, 21 ವ್ಯಾಟಿನ ಬಲ್ಬುಗಳು ಅಕ್ಕಪಕ್ಕ. ಆಂಪಿಯರ್ ಮೀಟರು ಕರೆಂಟು ಹರಿಯುವ ದಾರಿಯಲ್ಲೇ. ಬಲ್ಬಿನ ಎರಡು ತುದಿಗೆ, ಪಕ್ಕದ ಮನೆಯಿಂದ ತಂದ ಇನ್ನೊಂದು ಮೀಟರು. ಎರಡನ್ನೂ ಒಂದೇ ಗಳಿಗೆಯಲ್ಲಿ ಓದಬೇಕು. ಒಂದು ಬಲ್ಬು ಹಚ್ಚಿದಾಗ ಪುಟ್ಟ ಹಾಡು ಗುನುಗುತ್ತಿದ್ದ. ಎರಡನೆಯದನ್ನು ಜೋಡಿಸಿದೊಡನೆ ಹಾಡು ನಿಂತು, ಹಲ್ಲು ಕಚ್ಚಿದ. ಮೀಟರುಗಳಲ್ಲಿ 12 ವೋಲ್ಟ್, 3.5 ಆಂಪಿಯರ್; ಗುಣಿಸಿದರೆ 42 ವ್ಯಾಟ್.

ಮೂರನೆಯದು ಹಾಕಿದರೆ 63 ಆಗಬೇಕಲ್ಲ ಎಂಬುದು ಅವನ ಆಸೆ. ಆದದ್ದೇ ಬೇರೆ. ಪೆಡಲು ಭಾರವಾಗಿ ವೇಗ ಇಳಿಯಿತು, ಮೂರು ಬಲ್ಬೂ ಕೆಂಪಗೆ ಮಂಕಾದವು. 9 ವೋಲ್ಟ್, 4.5 ಆಂಪಿಯರ್. ಗುಣಿಸಿ ನೋಡಿ, 40 ವ್ಯಾಟು ಚಿಲ್ಲರೆ! ಬಲ್ಬು ಹೆಚ್ಚಿಸಿದರೂ ವ್ಯಾಟು ಅಲ್ಲೇ. ಮೋಟರಿನ ಮೈಮೇಲೆ 250 ವ್ಯಾಟ್ ಎಂದು ಬರೆದಿದ್ದರೇನು, ಪುಟ್ಟನ ಕಾಲಿನ ಮೇಲೆ ಹಾಗೆ ಬರೆದಿರಲಿಲ್ಲ. ಕಾಲಿನಿಂದ ಹೊರಟದ್ದೂ ಪೂರ್ತಿ ಬಲ್ಬಿಗೆ ತಲುಪಿರಲಿಲ್ಲ. ಟಯರು ಮುಟ್ಟಿ ನೋಡಿದೆ, ರೋಲರು ಒತ್ತುವ ಜಾಗ ಬೆಚ್ಚಗಿತ್ತು. ಮೋಟರಿನ ಬೆನ್ನೂ ಬೆಚ್ಚಗಿತ್ತು. ಕಮಿಷನ್ ಹೊಡೆಯುವವರು ಎಲ್ಲ ಕಡೆಯೂ ಇರುತ್ತಾರೆ.

“ಇದರಲ್ಲಿ ನನ್ನ ಮಿಕ್ಸಿ ಓಡುತ್ತೇನೋ?” ಅಜ್ಜಿ ಕೇಳಿದರು. ಮಿಕ್ಸಿ 500 ವ್ಯಾಟಿನದು. ಒಂದು ಚಟ್ನಿಗೆ ಹನ್ನೆರಡು ಪುಟ್ಟಂದಿರು ಬೇಕು. ಒಂದು ಯೂನಿಟ್ ಕರೆಂಟಿಗೆ ಒಬ್ಬ ಪುಟ್ಟ ಸುಮಾರು 24 ಗಂಟೆ ಬಿಡದೆ ತುಳಿಯಬೇಕು. ಅಷ್ಟು ತುಳಿಯಲು ಅವನು ತಿನ್ನುವ ದೋಸೆಯ ಖರ್ಚು ಒಂದು ಯೂನಿಟ್ಟಿನ ಬಿಲ್ಲಿಗಿಂತ ಬಹಳ ಹೆಚ್ಚು ಎಂದು ಭಾವ ಲೆಕ್ಕ ಹಾಕಿ ಹೇಳಿದರು. ಹಾಲಿಗೆ ನಡೆದು ಹೋಗುವ ಮನುಷ್ಯ, ಸಿಟ್ಟಿರುವುದು ಸಹಜ.

ಮೇಳದಲ್ಲಿ ಪುಟ್ಟನ ಚಾರ್ಟಿನಲ್ಲಿ 160 ಹೊಡೆದುಹಾಕಿ 42 ಬರೆದಿತ್ತು. ತೀರ್ಪುಗಾರರಾಗಿ ಬಂದಿದ್ದ ಮೇಷ್ಟ್ರು ಕನ್ನಡಕ ಏರಿಸಿ, “ಇಷ್ಟು ದೊಡ್ಡ ಯಂತ್ರಕ್ಕೆ ಬರೀ 42?” ಎಂದು ಮೂಗು ಮುರಿದರು.

“ನೀವೇ ಒಂದ್ಸಲ ತುಳೀರಿ ಸಾರ್,” ಎಂದ ಪುಟ್ಟ, ಮೂರನೇ ಬಲ್ಬನ್ನು ಮೆಲ್ಲಗೆ ಸಿಕ್ಕಿಸುತ್ತಾ.

ಸುತ್ತ ಮಕ್ಕಳು ನೆರೆದಿದ್ದರು, ಇಲ್ಲವೆನ್ನುವಂತಿರಲಿಲ್ಲ. ಮೇಷ್ಟ್ರು ಪ್ಯಾಂಟಿನ ಕಾಲು ಮಡಚಿ ಹತ್ತಿದರು. ಮೂರೂ ಬಲ್ಬು ಝಗ್ಗೆಂದವು: 12 ವೋಲ್ಟ್, 5.2 ಆಂಪಿಯರ್. ಮಕ್ಕಳು ಚಪ್ಪಾಳೆ ತಟ್ಟಿದಷ್ಟೂ ಅವರು ತುಳಿದರು, ನಿಲ್ಲಿಸುವುದು ಮರ್ಯಾದೆಯ ಪ್ರಶ್ನೆಯಾಯಿತು. ಕೊನೆಗೆ ಬಲ್ಬಿಗಿಂತ ಮೊದಲು ಅವರೇ ಮಂಕಾದರು. ಯಾರೋ ಕುರ್ಚಿ ತಂದರು, ಇನ್ಯಾರೋ ನೀರು.

ಪುಟ್ಟ ಚಾರ್ಟಿನಲ್ಲಿ ಹೊಸ ಸಾಲು ಬರೆಯುತ್ತಿದ್ದ: “ಮೇಷ್ಟ್ರು, 62 ವ್ಯಾಟ್ (ಒಂದು ನಿಮಿಷ ಮಾತ್ರ).”