ರಿಪೇರಿ ರಾಯರು

ಜಯನಗರದ ಯಾವ ಅಡ್ಡರಸ್ತೆಯಲ್ಲಿ ನಡೆದರೂ ಒಬ್ಬ ರಿಪೇರಿ ರಾಯರು ಎದುರಾಗದೆ ಇರುವುದು ದುರ್ಲಭ. ಅವರ ನಿಜನಾಮಧೇಯವು ಗೇಟಿನ ಹಲಗೆಯ ಮೇಲೆ ಮಾತ್ರ ಉಳಿದಿದ್ದು, ಬೀದಿಯ ಜನಕ್ಕೆ ಅದರ ಅಗತ್ಯ ಎಂದೂ ಬಿದ್ದಿರುವುದಿಲ್ಲ. ನಮ್ಮ ಬೀದಿಯ ರಾಯರು ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ಮೋಟಾರುಗಳ ಸಹವಾಸದಲ್ಲಿಯೇ ಯೌವನವನ್ನು ಸವೆಸಿ, ಆ ಕಾರ್ಖಾನೆಯು ಬಾಗಿಲು ಮುಚ್ಚುವುದಕ್ಕೆ ಮೊದಲೇ ನಿವೃತ್ತರಾದವರು. ಅಂದಿನಿಂದ ಇಂದಿನವರೆಗೆ ಅವರ ಷರಟಿನ ಜೇಬಿನಿಂದ ಟೆಸ್ಟರು ಇಳಿದಿಲ್ಲ. ಮದುವೆಮನೆಗೆ ಹೋಗುವಾಗಲೂ ಅದು ರೇಷ್ಮೆಯ ಶಲ್ಯದ ಮರೆಯಿಂದ ಇಣುಕುತ್ತಿರುತ್ತದೆ. ಕೆಟ್ಟ ಯಂತ್ರವೆಂಬುದು ಲೋಕದಲ್ಲಿ ಇಲ್ಲ, ಕೆಟ್ಟದಾಗಿ ಕೂಡಿಸಿದ ಯಂತ್ರವುಂಟು ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತವು ಪರೀಕ್ಷೆಗೆ ಒಡ್ಡಲ್ಪಟ್ಟದ್ದು ಕಳೆದ ಯುಗಾದಿಯ ಬೆಳಿಗ್ಗೆ, ನಮ್ಮ ಎದುರುಮನೆಯಲ್ಲಿ. ಒಬ್ಬಟ್ಟಿನ ಕಣಕವನ್ನು ಕೈಯಲ್ಲಿ ನಾದತಕ್ಕದ್ದೆಂದು ಅತ್ತೆಯವರೂ, ಫುಡ್ ಪ್ರೊಸೆಸರು ಇರುವಾಗ ರಟ್ಟೆ ನೋಯಿಸಿಕೊಳ್ಳುವುದೇಕೆಂದು ಸೊಸೆಯೂ ವಾದಿಸಿ, ಸೊಸೆಯ ಪಕ್ಷ ಗೆದ್ದು, ಒಂದು ಕೆಜಿ ಮೈದಾಹಿಟ್ಟು ಒಂದೇ ಸಲಕ್ಕೆ ಬಟ್ಟಲನ್ನು ಸೇರಿತ್ತು. ಯಂತ್ರವು ಅರ್ಧ ನಾದಿ ನಿಂತುಬಿಟ್ಟಿತು. ಆ ಮನೆಯ ಯಜಮಾನನು ವಾರವಿಡೀ ಬಿಟಿಎಂ ಲೇಔಟಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ತರುಣ. ಅವನು ಮೋಟಾರು ಸುಟ್ಟುಹೋಗಿದೆಯೆಂದು ಸೋಫಾದಿಂದಲೇ ತೀರ್ಪು ಕೊಟ್ಟು, ಫೋನಿನಲ್ಲಿ ಹೊಸದನ್ನು ಹುಡುಕತೊಡಗಿದ್ದನು. ಅಷ್ಟರಲ್ಲಿ ರಾಯರು ಬಂದರು. ಕರೆದವರು ಯಾರೆಂಬುದು ತಿಳಿಯದು. ಯಂತ್ರ ನಿಂತ ಮನೆಗೆ ಅವರು ತಾವಾಗಿಯೇ ಬರುತ್ತಾರೆಂಬ ಪ್ರತೀತಿಯೂ ಉಂಟು.

“ಬನ್ನಿ ಅಂಕಲ್, ನೋಡಿ, ಹಬ್ಬದ ದಿನವೇ ಕೈ ಕೊಡ್ತು” ಎಂದಳು ಸೊಸೆ.

“ಯಂತ್ರ ಆಮೇಲೆ ನೋಡೋಣಮ್ಮ. ಮೊದಲು ಗುಂಡಿ ಸೊನ್ನೆಗೆ ತಿರುಗಿಸಿ ಪ್ಲಗ್ ಕೀಳು. ಆಮೇಲೆ ಹೇಳು, ಹೇಗೆ ನಿಂತಿತು?”

ನಿಂತಿತು ಎಂದರೆ ಸಾಲದು, ಹೇಗೆ ನಿಂತಿತು ಎಂಬುದೇ ರಾಯರಿಗೆ ಮುಖ್ಯ. ಸೊಸೆಯ ಸಾಕ್ಷ್ಯದಿಂದ ಹೊರಬಿದ್ದುದು ಇಷ್ಟು: ಮೊದಲ ಸಲ ಯಂತ್ರವು ಪೂರ್ಣವೇಗದಲ್ಲಿ ಓಡುತ್ತಿದ್ದಾಗಲೇ, ಮಾತಿನ ನಡುವೆ ನಾಲಿಗೆ ಕಚ್ಚಿಕೊಂಡವರ ಹಾಗೆ, ತಟಕ್ಕನೆ ಮೌನವಾಯಿತು, ಮುಚ್ಚಳವನ್ನು ಅಂಗೈಯಿಂದ ಅದುಮಿದಾಗ ಮತ್ತೆ ಓಡಿತು. ಹಾಗೆ ಅದುಮಿ ಹಿಡಿದೇ ನಡೆಸಿದಾಗ ಸ್ವಲ್ಪ ಹೊತ್ತಿಗೆ ವೇಗ ತಗ್ಗಿ, ಸ್ವರ ದಪ್ಪವಾಗಿ, ಬಿಸಿಯ ವಾಸನೆ ಬಂದು, ಎರಡನೆಯ ಸಲ ನಿಂತಿತು. ಆ ಮೇಲೆ ಎಷ್ಟು ಅದುಮಿದರೂ ಅಲುಗಲಿಲ್ಲ.

“ಒಂದಲ್ಲ, ಎರಡು ಕಾಯಿಲೆ” ಎಂದು ರಾಯರು ಕನ್ನಡಕವನ್ನು ಏರಿಸಿದರು. ಅವರ ಮುಖದಲ್ಲಿ ಆ ಕ್ಷಣ ಮೂಡಿದ ಸಂತೋಷವು ಹಬ್ಬದ ಮನೆಗೆ ಶೋಭಿಸುವಂಥದೇ ಆದರೂ, ಅದರ ಕಾರಣ ಒಬ್ಬಟ್ಟಾಗಿರಲಿಲ್ಲ.

ಮೊದಲು ಎರಡನೆಯ ಕಾಯಿಲೆಯನ್ನು ಹಿಡಿದರು. ಬಟ್ಟಲನ್ನೂ ಅಲಗನ್ನೂ ತೆಗೆಸಿ, ಯಂತ್ರವನ್ನು ಮೆಲ್ಲನೆ ಮಗುಚಿ, ತಳದಲ್ಲಿದ್ದ ಕಡಲೆಬೇಳೆಯಷ್ಟು ಗಾತ್ರದ ಕೆಂಪು ಗುಂಡಿಯು ಹೊರಕ್ಕೆ ಹಾರಿ ನಿಂತಿದ್ದುದನ್ನು ಮನೆಯವರೆಲ್ಲರಿಗೂ ತೋರಿಸಿದರು. ಹಿಟ್ಟು ಮಿತಿಮೀರಿ ಅಥವಾ ಗಟ್ಟಿಯಾಗಿ ಅಲಗು ತಿಣುಕಿದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ಒಳಗಿನ ಓವರ್‌ಲೋಡ್ ಸ್ವಿಚ್ಚು ಅದರಿಂದ ಕಾದು, ತಂತಿಗಳು ಸುಡುವ ಮೊದಲೇ ಸಂಪರ್ಕವನ್ನು ಕಡಿದು, ಈ ಗುಂಡಿಯನ್ನು ಹೊರದಬ್ಬುತ್ತದೆ. ಯಜಮಾನನು ಉತ್ಸಾಹದಿಂದ ಅದನ್ನು ಒತ್ತಿದನು. ಅದು ಒಳಗೆ ನಿಲ್ಲದೆ ಮತ್ತೆ ಹೊರಬಂದಿತು. “ಇನ್ನೂ ಬಿಸಿ ಇದೆಯಪ್ಪ. ತಣಿಯದೆ ಅದು ಕೂರುವುದಿಲ್ಲ. ಹದಿನೈದು ನಿಮಿಷ ಬಿಡು” ಎಂದ ರಾಯರು, ಆ ಅವಧಿಯು ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವ ಅವಧಿಗೆ ಸರಿಹೊಂದುತ್ತದೆಂಬುದನ್ನು ಅತ್ತೆಯವರ ಕಡೆಗೆ ನೋಡಿ ಸೂಚಿಸಿದರು. ತಳದಲ್ಲಿ ಗುಂಡಿಯೇ ಇಲ್ಲದ ಯಂತ್ರಗಳೂ ಉಂಟೆಂದೂ, ಅವುಗಳಲ್ಲಿ ಕೆಲವು ತಣಿದ ಮೇಲೆ ತಾವಾಗಿಯೇ ಸಿದ್ಧವಾಗುವುವೆಂದೂ, ವೇಗದ ಗುಂಡಿಯನ್ನು ಸೊನ್ನೆಗೆ ತಿರುಗಿಸದೆ ಬಿಟ್ಟಿದ್ದರೆ ಅಂಥ ಯಂತ್ರವು ಹೇಳದೆ ಕೇಳದೆ ತಿರುಗಿಬಿಡುವುದೆಂದೂ ಕಾಫಿಯ ಜೊತೆಗೆ ಉಪನ್ಯಾಸವಾಯಿತು.

ಮೊದಲನೆಯ ಕಾಯಿಲೆಯು ಸೂಕ್ಷ್ಮತರವಾದುದು, ಆದಕಾರಣ ರಾಯರಿಗೆ ಪ್ರಿಯತರವಾದುದು. ಬಟ್ಟಲಿನ ಹಿಡಿಯೊಳಗೆ ಸ್ಪ್ರಿಂಗಿನ ಮೇಲೆ ನಿಂತ ಒಂದು ತೆಳು ಕಡ್ಡಿಯಿದೆ. ಮುಚ್ಚಳವನ್ನು ತಿರುಗಿಸಿ ಕೊನೆಯವರೆಗೆ ಕೂಡಿಸಿದಾಗ ಅದರ ಅಂಚಿನ ನಾಲಗೆಯು ಹಿಡಿಯ ಮೇಲ್ತುದಿಯಲ್ಲಿ ನುಗ್ಗಿ ಕಡ್ಡಿಯನ್ನು ಕೆಳಕ್ಕೆ ತಳ್ಳುತ್ತದೆ. ಕಡ್ಡಿಯ ಕೆಳತುದಿಯು ಯಂತ್ರದ ಮೈಯೊಳಗಿನ ಪುಟ್ಟ ಸ್ವಿಚ್ಚನ್ನು ಅದುಮುತ್ತದೆ. ಈ ಸರಪಳಿಯ ಯಾವ ಕೊಂಡಿ ಒಂದು ಕೂದಲೆಳೆ ತಪ್ಪಿದರೂ ಮೋಟಾರಿಗೆ ವಿದ್ಯುತ್ತಿಲ್ಲ. ರಾಯರು ಮುಚ್ಚಳದ ನಾಲಗೆ ಸವೆದಿಲ್ಲವೆಂದು ಬೆರಳಾಡಿಸಿ ನೋಡಿದರು. ಕಡ್ಡಿಯನ್ನು ಪೆನ್ನಿನ ಹಿಂಬದಿಯಿಂದ ಒತ್ತಿ ಬಿಟ್ಟರು, ಅದು ಚಿಮ್ಮಿ ಮೇಲಕ್ಕೆ ಬಂದಿತು. ಹಾಗಾದರೆ ದೋಷ ಬಟ್ಟಲು ಕೂರುವಲ್ಲಿ ಎಂದು, ಕುರ್ಚಿಯನ್ನು ಬೆಳಕಿಗೆ ಎಳೆದುಕೊಂಡು ಯಂತ್ರದ ತೋಡನ್ನು ಪರೀಕ್ಷಿಸಿದಾಗ, ಹಿಂದಿನ ಯಾವುದೋ ಚಪಾತಿಹಿಟ್ಟು ಅಲ್ಲಿ ಒಣಗಿ ಸಿಮೆಂಟಿನಂತೆ ಗಟ್ಟಿಗಟ್ಟಿದ್ದುದು ಕಂಡಿತು. ಅದರ ದೆಸೆಯಿಂದ ಬಟ್ಟಲು ಗುರುತಿನ ತನಕ ತಿರುಗದೆ ಸ್ವಲ್ಪ ಮುಂಚೆಯೇ ನಿಲ್ಲುತ್ತಿತ್ತು; ನೋಡಿದವರಿಗೆ ಕೂತಂತೆಯೇ ತೋರುತ್ತಿತ್ತು; ಹಿಟ್ಟಿನ ಮುದ್ದೆ ಹೊಡೆದಾಗ ಅಲುಗಿ ಸ್ವಿಚ್ಚು ಬಿಡುತ್ತಿತ್ತು.

ಇಲ್ಲಿ ಯಜಮಾನನು ಬಾಯಿ ತೆರೆದು, “ಅಂಕಲ್, ಆ ಸ್ವಿಚ್ಚಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿಬಿಟ್ಟರೆ ಆಗಲ್ವಾ?” ಎಂದನು. ಯಾರ ಮನೆಯಲ್ಲಿಯೂ ದನಿಯೆತ್ತದ ರಾಯರು ಅಂದು ಎತ್ತಿದರು. “ಆಗುತ್ತಪ್ಪ. ಮುಚ್ಚಳ ತೆಗೆದಿದ್ದರೂ ಅಲಗು ತಿರುಗುತ್ತೆ. ಅಂಚಿಗೆ ಹತ್ತಿದ ಹಿಟ್ಟು ಬಳಿಯೋದಕ್ಕೆ ನಿನ್ನ ಹೆಂಡತಿ ಬೆರಳು ಹಾಕಿರ್ತಾಳೆ!” ಎಂದರು. ಸೊಸೆಯು ಪತಿಯ ಕಡೆ ನೋಡಿದ ನೋಟವು ವರ್ಣನೆಗೆ ನಿಲುಕದು. ಅವನು ಫೋನನ್ನು ಮಗುಚಿಟ್ಟನು.

ಒದ್ದೆ ಬಟ್ಟೆಯಿಂದಲೂ ಹಲ್ಲುಕಡ್ಡಿಯಿಂದಲೂ ತೋಡು ಶುದ್ಧವಾಯಿತು. ಮೈಗೆ ನೀರು ಸುರಿಯಕೂಡದೆಂಬ ಎಚ್ಚರಿಕೆ ನಡುನಡುವೆ ಕೇಳಿಬರುತ್ತಿತ್ತು. ಕೆಂಪು ಗುಂಡಿಯು ಈಗ ಕಟ್ಟೆಂದು ಒಳಗೆ ಕೂತಿತು. ಬಟ್ಟಲನ್ನು ಹಿಡಿ ಸ್ವಲ್ಪ ಎಡಕ್ಕಿರುವಂತೆ ಇಟ್ಟು, ಗುರುತಿಗೆ ಗುರುತು ಸೇರುವ ತನಕ ಬಲಕ್ಕೆ ತಿರುಗಿಸಿ, ಅನಂತರ ಅಲಗನ್ನು ಇಳಿಸಿ, ಮುಚ್ಚಳವನ್ನು ಹಾಗೆಯೇ ಕೂಡಿಸಿ, ಹಿಟ್ಟಿಲ್ಲದೆ ಒಂದನೆಯ ವೇಗದಲ್ಲಿ ಕೆಲವು ಸೆಕೆಂಡು ಓಡಿಸಿದರು. ಬರಿಯ ಬಟ್ಟಲಿನಲ್ಲಿಯೂ ಗುಂಡಿ ಹಾರಿದ್ದರೆ ಮೋಟಾರಿನದೇ ತಪ್ಪು, ಆಗ ತಮ್ಮ ವಿದ್ಯೆ ನಡೆಯದು, ಸರ್ವಿಸ್ ಸೆಂಟರೇ ಗತಿ ಎಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ರಾಯರಿಗಿದೆ. ಅದು ಹಾರಲಿಲ್ಲ. ಕಣಕವು ಎರಡು ಪಾಲಾಗಿ, ಇನ್ನಷ್ಟು ನೀರೂ ಎಣ್ಣೆಯೂ ಸೇರಿ, ನಡುವೆ ವಿರಾಮ ಪಡೆದು ಸಿದ್ಧವಾಯಿತು.

“ಕೈಯಲ್ಲಿ ನಾದಿದ್ದರೆ ಇಷ್ಟು ಹೊತ್ತಿಗೆ ಹೂರಣವೂ ಆಗಿರ್ತಿತ್ತು, ರಾಯರೇ” ಎಂದರು ಅತ್ತೆಯವರು, ಎರಡನೆಯ ಲೋಟ ಮುಂದಿಡುತ್ತ. ರಾಯರು ಅದನ್ನು ಅಲ್ಲಗಳೆಯಲಿಲ್ಲ.

ಇಂಥವರು ಜೆ.ಪಿ. ನಗರದಲ್ಲಿಯೂ ಬನಶಂಕರಿಯಲ್ಲಿಯೂ ಬೀದಿಗೊಬ್ಬರಂತೆ ಇದ್ದಾರೆ. ನಿಮ್ಮ ಬೀದಿಯವರನ್ನು ಕರೆಯುವ ಮೊದಲು ಪ್ಲಗ್ಗನ್ನು ನೀವೇ ಕಿತ್ತಿಡಿ, ಬಟ್ಟಲಿನ ಗುರುತನ್ನು ಒಮ್ಮೆ ನೋಡಿಬಿಡಿ. ಅಷ್ಟರಿಂದಲೇ ಯಂತ್ರ ಓಡಿದರೂ, ದಯವಿಟ್ಟು ಅವರನ್ನು ಕಾಫಿಗೆಂದಾದರೂ ಕರೆಯಿರಿ.