‘ತೆರೆಚಿತ್ರ’ ಕೇಳಿದ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಮಾನ್ಯ ಕಾರ್ಯದರ್ಶಿಗಳಿಗೆ,

ಜೆ.ಪಿ. ನಗರದಲ್ಲಿ ನವೆಂಬರ್ ಬಂತೆಂದರೆ ಗೇಟಿಗೆ ಹಳದಿ ಕೆಂಪು ಬಾವುಟ, ಸೆಕ್ಯೂರಿಟಿಯವರ ಎದೆಗೊಂದು ಬ್ಯಾಡ್ಜು, ಸಂಜೆ ಮಕ್ಕಳ ಕೈಲಿ ಒಂದು ಹಾಡು. ಅಷ್ಟಕ್ಕೇ ಮುಗಿಯುತ್ತಿದ್ದ ನಮ್ಮ ಕನ್ನಡಾಭಿಮಾನವನ್ನು ತಾವು ಈ ವರ್ಷ ಮೇಂಟೆನೆನ್ಸ್ ವಸೂಲಿಗೂ ತಂದಿರಿ. ಲಿಫ್ಟಿನ ಪಕ್ಕ ಅಂಟಿಸಿದ ಸುತ್ತೋಲೆಯನ್ನು ನಾನು ಕೈಕಟ್ಟಿ ನಿಂತು ಓದಿದೆ: “ನಿರ್ವಹಣಾ ಶುಲ್ಕ ಸಂದಾಯದ ತೆರೆಚಿತ್ರವನ್ನು ಚಿತ್ರಶಾಲೆಯಿಂದ ಆಯ್ದು, ಲಗತ್ತಿಸಿ, ಸಂಘದ ಜಾಲಪುಟಕ್ಕೆ ಮೇಲೇರಿಸತಕ್ಕದ್ದು. ತಪ್ಪಿದಲ್ಲಿ ದಂಡ ವಿಧಿಸಲಾಗುವುದು.”

ಸ್ವಾಮೀ, ಒಂದೇ ವಾಕ್ಯದಲ್ಲಿ ಇಡೀ ಕಟ್ಟಡವನ್ನು ಬಾಕಿದಾರರನ್ನಾಗಿ ಮಾಡಿದ ಕಾರ್ಯದರ್ಶಿ ದಕ್ಷಿಣ ಬೆಂಗಳೂರಿನಲ್ಲಿ ಬೇರೊಬ್ಬರಿರಲಾರರು. ಅಭಿನಂದನೆಗಳು.

ಆ ವಾಕ್ಯದಿಂದ ಆದದ್ದನ್ನು ತಾವು ಮೇಲಿನ ಮಹಡಿಯಿಂದ ಕಂಡಿರಲಿಕ್ಕಿಲ್ಲ. ನೆಲಮಹಡಿಯ ನಿವೃತ್ತ ಮೇಷ್ಟ್ರು ‘ತೆರೆಚಿತ್ರ’ವನ್ನು ಓದಿ, “ತೆರೆ ಅಂತಾರಲ್ಲ, ಏನನ್ನ ತೆರೀಬೇಕು?” ಎಂದು ಕೇಳಿದರು. ಕೇಳುವುದರಲ್ಲಿ ತಪ್ಪೇನಿದೆ? ತೆರೆ ಎಂದರೆ ಬಾಗಿಲು ತೆರೆ ಎಂಬ ಆಜ್ಞೆಯೂ ಹೌದು, ಸಮುದ್ರದ ಅಲೆಯೂ ಹೌದು, ನಾಟಕದ ಪರದೆಯೂ ಹೌದು. ‘ಚಿತ್ರಶಾಲೆ’ಯನ್ನು ಅವರ ಮನೆಯಾಕೆ ಮಕ್ಕಳ ಡ್ರಾಯಿಂಗ್ ಕ್ಲಾಸು ಎಂದುಕೊಂಡರು. ‘ಮೇಲೇರಿಸತಕ್ಕದ್ದು’ ಎಂಬುದನ್ನು ಯಾರೋ ಒಬ್ಬರು ನಾಲ್ಕನೇ ಮಹಡಿಯ ನಿಮ್ಮ ಮನೆಗೇ ತಂದು ಕೊಡಬೇಕು ಎಂದು ಓದಿದರು. ಇವರೆಲ್ಲ ಚೆನ್ನಾಗಿ ಕನ್ನಡ ಬಲ್ಲವರು, ಬೆಳಗ್ಗೆ ಪೇಪರನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುವವರು. ಕನ್ನಡ ಬಾರದ ಬಿಟಿಎಂ ಲೇಔಟ್ ಕಡೆಯ ಹುಡುಗರಿಗೆ, ಅಂದರೆ ಮೂರನೇ ಮಹಡಿಗೆ ಹೊಸದಾಗಿ ಬಂದ ಬಾಡಿಗೆದಾರರಿಗೆ, ಏನೂ ತೊಂದರೆಯಾಗಲಿಲ್ಲ. ಅವರು ಸುತ್ತೋಲೆಯನ್ನು ಓದಲೇ ಇಲ್ಲ. ಹಣ ಕಳಿಸಿ, ಎಲ್ಲರೂ ಏನು ಮಾಡುತ್ತಾರೋ ಅದನ್ನು ಮಾಡಿದರು. ಸುತ್ತೋಲೆಯನ್ನು ಪಾಲಿಸಿದವರು ಅವರಷ್ಟೇ.

ಇಂಗ್ಲಿಷನ್ನೇ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ತಮ್ಮ ನಾಲ್ಕು ಪದಗಳಲ್ಲಿ ‘ಲಗತ್ತಿಸಿ’ ನನಗೆ ಬಹಳ ಪ್ರಿಯ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಹಿಡಿದವರಿಗೆ ಅದನ್ನು ವಿವರಿಸುವುದೇ ಬೇಡ. ಅರ್ಜಿಗೆ ರಸೀದಿಯ ಪ್ರತಿ ಪಿನ್ನು ಹಾಕಿ ಕೊಡುವುದು ಎಂದು ಅವರ ಬೆರಳಿಗೇ ಗೊತ್ತು. ಹಲವು ಆ್ಯಪ್‌ಗಳ ಕನ್ನಡದಲ್ಲೂ ಅದೇ ಪದವಿದೆ. ಆದರೆ ಅವರ ಮೊಮ್ಮಗಳ ಮುಂದೆ ಅದೇ ಪದ ಇಟ್ಟು ನೋಡಿ, ಅಜ್ಜನ ಕಡೆಗೇ ತಿರುಗುತ್ತಾಳೆ. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜನಿಗೆ ‘ಅಟ್ಯಾಚ್’ ತೊಡಕು, ಮೊಮ್ಮಗಳಿಗೆ ‘ಲಗತ್ತು’ ತೊಡಕು. ಇಬ್ಬರಿಗೂ ತಿಳಿಯುವ ಮಾತು ಒಂದಿದೆ, ‘ಜತೆಗೆ ಸೇರಿಸಿ’. ಅದು ಸುತ್ತೋಲೆಯ ಗಾಂಭೀರ್ಯಕ್ಕೆ ಸ್ವಲ್ಪ ಕಡಿಮೆಯಾದೀತು, ಅಷ್ಟೇ.

ಇಲ್ಲೇ ಪಕ್ಕದ ಜಯನಗರದಲ್ಲಿ ಬಾಳಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರ ಹೆಸರು ತಾವು ರಾಜ್ಯೋತ್ಸವದ ಭಾಷಣದಲ್ಲಿ ಎರಡು ಸಲ ತೆಗೆದಿರಿ. ಸಂತೋಷ. 2021ರಲ್ಲಿ 107ರ ವಯಸ್ಸಿನಲ್ಲಿ ತೀರಿಕೊಂಡ ಆ ನಿಘಂಟುಕಾರರು ಕ್ಲಿಷ್ಟ ಪದಗಳಿಗೆ ಒಂದು ಕೋಶ ಮಾಡಿದಂತೆಯೇ ಎರವಲು ಪದಗಳಿಗೂ ಒಂದು ಕೋಶ ಮಾಡಿದರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. ಹೊರಗಿನಿಂದ ಬಂದು ಇಲ್ಲಿ ಬಳಕೆಯಾದ ಪದವನ್ನು ಅವರು ನಿಘಂಟಿನ ಒಳಗೆ ಕರೆದು ಕೂರಿಸಿದರು. ತಮ್ಮ ಸಂಘದ ಕಾಗದಪತ್ರಗಳಲ್ಲಿ ‘ಬಾಕಿ’, ‘ವಸೂಲಿ’ಗಳು ಯಾವ ಅಡ್ಡಿಯೂ ಇಲ್ಲದೆ ಒಳಬಂದಿವೆ, ‘ಸ್ಕ್ರೀನ್‌ಶಾಟ್’ ಮಾತ್ರ ಗೇಟಿನಲ್ಲಿ ನಿಂತಿದೆ. ಹಳೆಯ ಬಾಡಿಗೆದಾರರಿಗೆ ಒಂದು ನ್ಯಾಯ, ಹೊಸಬರಿಗೆ ಇನ್ನೊಂದು ಎಂಬ ನಮ್ಮ ಸಂಘದ ನಿಯಮ ಪದಗಳಿಗೂ ಅನ್ವಯವಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಪದ ಯಾವುದೇ ಇರಲಿ, ಅದು ಪರದೆಯ ಮೇಲೆ ಕಾಣಬೇಕು. ಮುಖ್ಯ ತಕರಾರು ಇದೇ. ಮೇಷ್ಟ್ರ ಫೋನಿನ ಭಾಷೆ ಇಂಗ್ಲಿಷು. ಅದರಲ್ಲಿ ‘ಚಿತ್ರಶಾಲೆ’ ಎಂದು ಎಷ್ಟು ಹುಡುಕಿದರೂ ಸಿಗುವುದು Gallery. ಕೆಲವು ಫೋನುಗಳಲ್ಲಿ ಅದೂ ಇಲ್ಲ, Photos ಎಂದಿರುತ್ತದೆ. ಆದ್ದರಿಂದ ಫೋನಿನಲ್ಲಿ ತೋರುವ ಹೆಸರನ್ನು ಮುಟ್ಟದೆ ಹಾಗೇ ಹೇಳಿ, ಅದು ಏನೆಂಬುದನ್ನು ಮಾತ್ರ ಕನ್ನಡದಲ್ಲಿ ಹೇಳಬೇಕು: “ಗ್ಯಾಲರಿ ಅಂತ ಇರುತ್ತೆ ಸರ್, ನಿಮ್ಮ ಫೋನಲ್ಲಿರೋ ಫೋಟೋ ಎಲ್ಲಾ ಅಲ್ಲೇ ಕಾಣ್ತವೆ. ಕೆಲವರಿಗೆ ಫೋಟೋಸ್ ಅಂತ ಇರುತ್ತೆ.” ಗುರುತಿಸಲು ಫೋನಿನ ಹೆಸರು, ತಿಳಿಯಲು ಮನೆಯ ಮಾತು. ಇನ್ನು ‘ಗುಂಡಿ ಒತ್ತಿ’ ಎಂದು ಬರೆಯುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಬೆಂಗಳೂರಿನಲ್ಲಿ ಗುಂಡಿ ಎಂದರೆ ಜನ ಬ್ರೇಕ್ ಒತ್ತುತ್ತಾರೆ. ‘ಬಟನ್’ ಸಾಕು.

ಹಾಗಾದರೆ ಎಲ್ಲವನ್ನೂ ಆಡುಮಾತಿಗೇ ಬಿಟ್ಟರಾಯಿತಲ್ಲ ಎಂದು ತಾವು ಕೇಳಬಹುದು. ಅದರಲ್ಲೂ ಒಂದು ತಾಪತ್ರಯವಿದೆ. ನಮ್ಮ ಆಡುಮಾತಿಗೆ ಇದಕ್ಕೆಲ್ಲ ಇರುವುದು ಒಂದೇ ಕ್ರಿಯಾಪದ, ‘ಹಾಕು’. ಗ್ರೂಪಿಗೆ ಹಾಕು, ಸ್ಟೇಟಸ್‌ಗೆ ಹಾಕು, ಮೇಲ್‌ನಲ್ಲಿ ಹಾಕು, ವೆಬ್‌ಸೈಟಿಗೆ ಹಾಕು. ಸುತ್ತೋಲೆ ಅರ್ಥವಾಗದ ಒಬ್ಬರಿಗೆ ನೆರೆಮನೆಯವರು ಫೋನಿನಲ್ಲೇ “ಪೇಮೆಂಟಿಂದು ಫೋಟೋ ಹಾಕ್ಬಿಡಿ ಆಂಟಿ” ಎಂದರು. ಆಂಟಿ ಶೇರ್ ಒತ್ತಿದರು, ವಾಟ್ಸ್ಆ್ಯಪ್ ಒತ್ತಿದರು, ಪಟ್ಟಿಯಲ್ಲಿ ಮೊದಲು ಕಂಡ My status ಒತ್ತಿದರು. 24 ಗಂಟೆ ಕಾಲ ಬನಶಂಕರಿಯ ಬೀಗರಿಂದ ಹಿಡಿದು ಹಾಲಿನವರವರೆಗೆ ಎಲ್ಲರೂ ಅವರು ಕಟ್ಟಿದ ಮೇಂಟೆನೆನ್ಸ್ ನೋಡಿದರು, ಒಂದಿಬ್ಬರು ಹೃದಯವನ್ನೂ ಒತ್ತಿದರು. ಸಂಘಕ್ಕೆ ಮಾತ್ರ ಅದು ತಲುಪಲಿಲ್ಲ. ಅದಕ್ಕೇ ‘ಹಾಕಿ’ ಎನ್ನುವಾಗ ಎಲ್ಲಿಗೆ ಎಂಬುದನ್ನು ಬಿಡಬಾರದು.

‘ಅಪ್‌ಲೋಡ್’ ವಿಚಾರದಲ್ಲಿ ಪದಕ್ಕಿಂತ ಕೆಲಸವೇ ಗೊಂದಲ. ತಮ್ಮ ಜಾಲಪುಟದಲ್ಲಿ ಎರಡು ಬಟನ್ ಇವೆ. ಒಂದು Choose file, ಅದರ ಕೆಳಗೆ Upload. ಸುತ್ತೋಲೆಯಲ್ಲಿ ಆಯ್ದು, ಲಗತ್ತಿಸಿ, ಮೇಲೇರಿಸಿ ಎಂದು ಮೂರು ಕ್ರಿಯೆ ಇವೆ. ಮೂರನೆಯ ಬಟನ್ ಎಲ್ಲಿದೆ ಎಂದು ಮೇಷ್ಟ್ರು ಅರ್ಧ ಗಂಟೆ ಹುಡುಕಿದರು. ಅದು ಸಿಗದೆ Choose file ಒತ್ತಿ ಫೋಟೋ ಆರಿಸಿದಾಗ, ಪಕ್ಕದಲ್ಲಿದ್ದ No file chosen ಎಂಬ ಬರಹ ಹೋಗಿ ಫೈಲಿನ ಹೆಸರು ಬಂತು. ಹೆಸರು ಬಂದಿದೆ, ಕೆಲಸ ಆಯಿತು ಎಂದು ಅವರು ಪುಟ ಮುಚ್ಚಿದರು. ಎಲ್ಲರೂ ಎಡವುವುದು ಇಲ್ಲೇ. ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಅರ್ಜಿಗೆ ಜೆರಾಕ್ಸ್ ಪಿನ್ನು ಮಾಡಿದ್ದಾಯಿತು, ಕೌಂಟರಿನೊಳಗೆ ಕೊಟ್ಟಿಲ್ಲ. ಕೊಡುವುದೇ Upload. ಕೊಟ್ಟದ್ದು ಜೆರಾಕ್ಸ್, ಅಸಲು ಫೋನಿನಲ್ಲೇ ಉಳಿಯುತ್ತದೆ. “ಕಳಿಸಿದ್ರೆ ನನ್ನ ಫೋಟೋ ಹೋಗಿಬಿಡುತ್ತಾ?” ಎಂಬ ಅವರ ಭಯಕ್ಕೂ ಅಷ್ಟೇ ಉತ್ತರ ಸಾಕು. ಆಯಿತೋ ಇಲ್ಲವೋ ಎಂದು ತಿಳಿಯುವುದು ಫೈಲಿನ ಹೆಸರಿನಿಂದಲ್ಲ, Upload ಒತ್ತಿದ ಮೇಲೆ ಪುಟ ಕೊಡುವ ಉತ್ತರದಿಂದ. ಆ ಉತ್ತರ ಬರುವತನಕ ಪುಟ ಮುಚ್ಚಬೇಡಿ ಎಂಬ ಒಂದು ಸಾಲು ತಮ್ಮ ಸುತ್ತೋಲೆಯಲ್ಲಿದ್ದಿದ್ದರೆ ದಂಡದ ಪಟ್ಟಿ ಇಷ್ಟುದ್ದ ಆಗುತ್ತಿರಲಿಲ್ಲ.

ಇನ್ನು ಸ್ಕ್ರೀನ್‌ಶಾಟ್. ‘ತೆರೆಚಿತ್ರ’ ಎಂದರೆ ಪರದೆಯ ಚಿತ್ರ ಎಂದು ಕೊನೆಗೆ ಅರ್ಥವಾದವರು ಮನೆಯಲ್ಲಿದ್ದ ಇನ್ನೊಂದು ಫೋನು ತಂದು ಮೊದಲ ಫೋನಿನ ಪರದೆಯ ಫೋಟೋ ತೆಗೆದರು. ಪದದ ಪ್ರಕಾರ ಅವರು ಮಾಡಿದ್ದು ಸರಿ! ಆದರೆ ಆ ಫೋಟೋದಲ್ಲಿ ಟ್ಯೂಬ್‌ಲೈಟಿನ ಹೊಳಪು, ಅಲೆಅಲೆಯಾದ ಗೆರೆ, ಹೆಬ್ಬೆರಳು ಇತ್ತು, ಪಾವತಿಯ ನಂಬರ್ ಮಾತ್ರ ಓದಲಾಗಲಿಲ್ಲ. ಹೇಳಬೇಕಾದದ್ದು ಹೀಗೆ: “ಪರದೆ ಮೇಲೆ ಈಗ ಏನು ಕಾಣ್ತಿದೆಯೋ ಅದರ ಫೋಟೋನ ಫೋನೇ ಹಿಡ್ಕೊಳ್ಳುತ್ತೆ. ಪವರ್ ಬಟನ್ನೂ ಸೌಂಡ್ ಕಡಿಮೆ ಮಾಡೋ ಬಟನ್ನೂ ಎರಡನ್ನೂ ಒಟ್ಟಿಗೆ ಒಂದ್ಸಲ ಒತ್ತಿ ಬಿಡಿ.” ಇದು ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ಸರಿ. ಪವರ್ ಬಟನ್ ಒಂದನ್ನೇ ಹಿಡಿದು ಕೂತರೆ ಆಫ್ ಮಾಡಲೇ ಎಂದು ಕೇಳೀತು. ಸರಿಯಾಗಿ ಬಂದಿದ್ದರೆ ಪರದೆ ಒಮ್ಮೆ ಮಿನುಗಿ, ಅದರ ಪುಟ್ಟ ಚಿತ್ರ ಒಂದು ಮೂಲೆಯಲ್ಲಿ ಕಾಣುತ್ತದೆ. ಆಮೇಲೆ ಅದು ಸಿಗುವುದು ಗ್ಯಾಲರಿಯೊಳಗಿನ Screenshots ಎಂಬ ಆಲ್ಬಮ್ಮಿನಲ್ಲಿ.

ಸ್ಕ್ರೀನ್‌ಶಾಟು ಬೇಕಾದದ್ದನ್ನೂ ಬೇಡವಾದದ್ದನ್ನೂ ಒಟ್ಟಿಗೆ ಹಿಡಿಯುತ್ತದೆ ಎಂಬುದನ್ನು ತಾವು ಬರೆಯಲಿಲ್ಲ. ಒಬ್ಬರ ಚಿತ್ರದಲ್ಲಿ ಮೇಲ್ಗಡೆ ಅದೇ ಹೊತ್ತಿಗೆ ಬಂದ ಒಂದು ಮೆಸೇಜೂ ಸಿಕ್ಕಿಬಿದ್ದಿತ್ತು. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾರೆ, ಅದು ತಮ್ಮ ಬಗ್ಗೆ ಇತ್ತು. ಕೆಲವು ಬ್ಯಾಂಕ್ ಆ್ಯಪ್‌ಗಳಂತೂ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದೇ ಇಲ್ಲ. ಒತ್ತಿದರೆ ಆಗದು ಎಂಬ ಸಂದೇಶವೋ ಬರೀ ಕಪ್ಪು ಚಿತ್ರವೋ ಬರುತ್ತದೆ. ಫೋನ್ ಕೆಟ್ಟಿದೆ ಎಂದುಕೊಂಡು ರಿಪೇರಿ ಅಂಗಡಿಗೆ ಹೊರಟವರನ್ನು ನಾನೇ ಲಿಫ್ಟಿನಲ್ಲಿ ತಡೆದೆ.

ಅಷ್ಟಕ್ಕೂ ತಮಗೆ ಬೇಕಾದದ್ದು ಚಿತ್ರವೇ ಅಲ್ಲ. ಯುಪಿಐನಲ್ಲಿ ಹಣ ಹೋದಾಗ ಬರುವ 12 ಅಂಕಿಯ ನಂಬರ್ ತಮಗೆ ಬೇಕು. ಖಜಾಂಚಿಗಳು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಾಳೆ ನೋಡುವುದು ಅದನ್ನೇ. ಚಿತ್ರವನ್ನು ತಿದ್ದಿ ಕಳಿಸಿದವರೂ ಲೋಕದಲ್ಲಿದ್ದಾರೆ, ತಿದ್ದಿದ ನಂಬರ್ ಸ್ಟೇಟ್‌ಮೆಂಟಿನಲ್ಲಿ ಸಿಗುವುದಿಲ್ಲ.

ಆದ್ದರಿಂದ ಡಿಸೆಂಬರ್ ಸುತ್ತೋಲೆಗೆ ಒಂದು ಕರಡು ಜತೆಗೆ ಸೇರಿಸಿದ್ದೇನೆ. ಲಗತ್ತಿಸಿದ್ದೇನೆ ಎಂದೂ ಓದಿಕೊಳ್ಳಬಹುದು:

“ಮೇಂಟೆನೆನ್ಸ್ ಹಣ ಕಳಿಸಿದ ಮೇಲೆ, UTR ಅಥವಾ UPI transaction ID ಎಂದು ತೋರುವ 12 ಅಂಕಿಯ ನಂಬರನ್ನು ನಮ್ಮ ವೆಬ್‌ಸೈಟಿನಲ್ಲಿ ಬರೆಯಿರಿ. ಸ್ಕ್ರೀನ್‌ಶಾಟ್ ಕೊಡಬೇಕೆನಿಸಿದರೆ Choose file ಒತ್ತಿ, ಗ್ಯಾಲರಿಯಿಂದ ಆರಿಸಿ, ಆಮೇಲೆ Upload ಒತ್ತಿ. ಬಂದಿದೆ ಎಂಬ ಉತ್ತರ ಕಾಣುವವರೆಗೆ ಪುಟ ಮುಚ್ಚಬೇಡಿ. ಆಗದಿದ್ದರೆ ನಂಬರನ್ನು ಚೀಟಿಯಲ್ಲಿ ಬರೆದು ಸೆಕ್ಯೂರಿಟಿಯವರ ಕೈಗೆ ಕೊಡಿ.”

ಇದನ್ನು ಅಂಟಿಸುವ ಮೊದಲು ನೆಲಮಹಡಿಯ ಮೇಷ್ಟ್ರಿಗೆ ಒಮ್ಮೆ ಓದಲು ಕೊಡಿ, ಅವರು ಫೋನ್ ಹಿಡಿದು ಒಂದೊಂದೇ ಸಾಲು ಮಾಡಿ ನೋಡಲಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಪದ ಬದಲಿಸಿ. ನವೆಂಬರ್ ತಿಂಗಳಿಗೆ ಹಾಕಿದ ದಂಡವನ್ನು ಎಲ್ಲರಿಗೂ ವಾಪಸು ಕೊಡಬೇಕೆಂದೂ ಈ ಮೂಲಕ ಕೋರುತ್ತೇನೆ.

ಇಂತಿ ತಮ್ಮ,
ಹಣ ಕಟ್ಟಿಯೂ ಬಾಕಿ ಉಳಿದ, ಎರಡನೇ ಮಹಡಿಯ ನಿವಾಸಿ